ಉಪ್ಪಿನಕಾಯಿಗೆ ಪ್ರೊಫೈಲ್ ಬೇಡ, ಪೇಜ್ ಸಾಕು

ಸಾಗರದ ನಮ್ಮ ಮನೆಯ ಅಪ್ಪೆಮಿಡಿ ಮಾರಲು ಫೇಸ್‌ಬುಕ್‌ನಲ್ಲಿ ಉಪ್ಪಿನಕಾಯಿ ಹೆಸರಲ್ಲೇ ಪ್ರೊಫೈಲ್ ಮಾಡಿದ್ದೆ. ತಪ್ಪಿದ್ದು ಅಲ್ಲೇ. ಪ್ರೊಫೈಲ್ ಇರುವುದು ಮನುಷ್ಯರಿಗೆ, ಸ್ನೇಹಿತರ ಮಿತಿ 5000. ಮಿಡಿ ಬರುವ ಹೊತ್ತಿಗೆ ಸರಿಯಾಗಿ ಅದು ತುಂಬಿತು. ಹೊಸ ಗಿರಾಕಿಗಳ ರಿಕ್ವೆಸ್ಟ್ ಒಪ್ಪಲು ಆಗಲೇ ಇಲ್ಲ.

ಆಮೇಲೆ ನನ್ನ ಸ್ವಂತ ಹೆಸರಿನ ಪ್ರೊಫೈಲ್‌ನಿಂದ ಪೇಜ್ ತೆರೆದೆ. ಫಾಲೋ ಮಾಡಲು ನಾನು ಯಾರನ್ನೂ ಒಪ್ಪಬೇಕಿಲ್ಲ. ಮೊದಲು ಅತ್ತಿಗೆಗೆ ಪಾಸ್‌ವರ್ಡ್ ಕೊಟ್ಟಿದ್ದೆ. ಈಗ ಪೇಜ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಕೊಟ್ಟಿದ್ದೇನೆ, ಅವರ ಲಾಗಿನ್‌ನಿಂದಲೇ ಗಿರಾಕಿಗಳಿಗೆ ಉತ್ತರಿಸುತ್ತಾರೆ. ಹಳೆಯದರಲ್ಲಿ ಪೇಜ್ ಲಿಂಕ್ ಹಾಕಿ, ಎರಡು ತಿಂಗಳು ಬಿಟ್ಟು ಅಳಿಸಿದೆ. ಪೇಜನ್ನು ಆ ಹಳೆಯ ಪ್ರೊಫೈಲ್‌ನಿಂದಲೇ ತೆರೆದಿದ್ದರೆ, ಅದನ್ನು ಅಳಿಸಿದ ಮೇಲೆ ಪೇಜ್ ನಡೆಸಲು ಕಷ್ಟವಾಗುತ್ತಿತ್ತು.

ಗ್ರೂಪ್ ಅಂದರೆ ಊರ ಜಗಲಿ ಇದ್ದ ಹಾಗೆ, ಎಲ್ಲರೂ ಮಾತಾಡಬಹುದು. ಯಾವ ಮರದ ಮಿಡಿಗೆ ಸೊನೆ ಜಾಸ್ತಿ ಅಂತ ಚರ್ಚಿಸಲು ಬೆಳೆಗಾರರಿಗೆ ಅದೇ ಸರಿ. ಮಾರಾಟಕ್ಕೆ ಪೇಜೇ.