ಸರಿಸ ಗಗ ರಿಗರಿ ಮ: ರೇಡಿಯೋ ಟ್ಯೂನ್ ಹುಡುಕಿದ ಕಥೆ

ಚಿಕ್ಕವನಿದ್ದಾಗ ಅಪ್ಪನ ಶಾರ್ಟ್‌ವೇವ್ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆಗೆ ಮುಂಚೆ ಒಂದು ಕುಣಿಯುವ ಟ್ಯೂನ್ ಬರುತ್ತಿತ್ತು. ಅದರ ಹಿಂದೆಯೇ ಆರು ಸಲ ಪೀಪ್, ಕೊನೆಯದು ಮಾತ್ರ ಉದ್ದ. ಸ್ಟೇಷನ್ ಹೆಸರು ಮರೆತುಹೋಗಿತ್ತು. ಪೀಪ್ ಎಷ್ಟೋ ಸ್ಟೇಷನ್‌ಗಳಲ್ಲಿತ್ತು, ಅದೊಂದರಿಂದಲೇ ಹೇಳಲಾಗದು.

ಹಾಡು ಗುರುತಿಸುವ ಆ್ಯಪ್‌ಗೆ ಗುನುಗಿದೆ, ಏನೂ ಸಿಗಲಿಲ್ಲ. ಅಂಥ ಆ್ಯಪ್ ಸಾಮಾನ್ಯವಾಗಿ ಅದೇ ರೆಕಾರ್ಡಿಂಗ್ ಕೇಳಿಸಿದರೆ ಹಿಡಿಯುತ್ತದೆ, ನನ್ನ ಗಂಟಲನ್ನಲ್ಲ. ಆಮೇಲೆ ಪಾರ್ಸನ್ಸ್ ಕೋಡ್‌ಗೆ ಬಂದೆ. ಡೆನಿಸ್ ಪಾರ್ಸನ್ಸ್ 1975ರಲ್ಲಿ ತಂದ ಟ್ಯೂನ್ ನಿಘಂಟಿನ ಉಪಾಯ ಅದು. ಮೊದಲ ಸ್ವರಕ್ಕೆ ನಕ್ಷತ್ರ. ಮುಂದಿನ ಸ್ವರ ಮೇಲೆ ಹೋದರೆ U, ಕೆಳಗಿಳಿದರೆ D, ಅದೇ ಬಂದರೆ R. ಶ್ರುತಿ, ತಾಳ ಯಾವುದೂ ಬೇಕಿಲ್ಲ. ಟ್ಯೂನ್ ಹುಡುಕುವ ವೆಬ್‌ಸೈಟ್ ಮ್ಯೂಸಿಪೀಡಿಯಾದಲ್ಲಿ ಇದನ್ನು ಟೈಪ್ ಮಾಡಿ ಹುಡುಕಬಹುದು.

ಮೊದಲ ಸಲ ಸಂಬಂಧವಿಲ್ಲದ ಟ್ಯೂನ್‌ಗಳೇ ಬಂದವು. ಅಕ್ಕನಿಗೆ ಹಾಡಿ ತೋರಿಸಿದೆ. "ಅಲ್ಲ ಕಣೋ, ಗ ಎರಡು ಸಲ ಬರುತ್ತೆ. ನೀನು ಒಂದೇ ಎಳೀತಿದ್ದೀಯ" ಅಂದಳು. ಸರಿಸ ಗಗ ರಿಗರಿ ಮ. ನಾನು ಒಂದು R ನುಂಗಿದ್ದೆ, ಅಲ್ಲಿಂದಾಚೆ ಎಲ್ಲ ಒಂದು ಮನೆ ಜರುಗಿತ್ತು. ತಿದ್ದಿದ್ದು ಹೀಗೆ:

```
*UDURDUDU
```

ಒಂಬತ್ತು ಸ್ವರ ಅಷ್ಟೇ, ಹಾಗಾಗಿ ಉತ್ತರ ಒಂದೇ ಬರುವುದಿಲ್ಲ. ಸಿಕ್ಕಿದ್ದನ್ನೆಲ್ಲ ನುಡಿಸಿ ಕೇಳಬೇಕು. ಅವುಗಳಲ್ಲೊಂದು 'ಲಿಲಿಬುಲೇರೋ'. 1600ರ ದಶಕದ ಈ ಟ್ಯೂನನ್ನು ಬಿಬಿಸಿ ವರ್ಲ್ಡ್ ಸರ್ವಿಸ್ ದಶಕಗಳ ಕಾಲ ವಾರ್ತೆಗೆ ಮುಂಚೆ ಹಾಕುತ್ತಿತ್ತು.

ಟ್ಯೂನ್ ಸಿಕ್ಕಿತು ಅಂದರೆ ನಾನು ಕೇಳಿದ ರೆಕಾರ್ಡಿಂಗ್ ಸಿಕ್ಕಿತು ಅಂತ ಅಲ್ಲ. ಹಳೆಯ ರೆಕಾರ್ಡಿಂಗ್ ಕೇಳುವ ಮೊದಲು ನೆನಪಿದ್ದುದನ್ನು ಕಾಗದದ ಮೇಲೆ ಬರೆದಿಟ್ಟೆ. ನಾಲ್ಕು ಸಲ ಕೇಳಿದ ಮೇಲೆ ಯಾವುದು ಕೇಳಿದರೂ "ಇದೇ, ಇದೇ" ಅನ್ನಿಸುತ್ತದೆ! ಒಂದರಲ್ಲಿ ಆರೂ ಪೀಪ್ ಸಮ ಇದ್ದವು, ಅದನ್ನು ಬಿಟ್ಟೆ. ಕೊನೆಯ ಪೀಪ್ ಉದ್ದವಾಗಿದ್ದು 1972ರಿಂದ, ಹಾಗಾಗಿ ಆ ರೆಕಾರ್ಡಿಂಗ್ ನಾನು ಕೇಳಿದ್ದಕ್ಕಿಂತ ಹಳೆಯದು.

ಇನ್ನೊಂದು ಹತ್ತಿರವಿತ್ತು. ಅಕ್ಕ ಮಾತ್ರ ಒಪ್ಪಲಿಲ್ಲ. "ಶ್ರುತಿ ಜಾಸ್ತಿ ಆಯ್ತು, ಓಡ್ತಾನೂ ಇದೆ." ಯಾರೋ ಕ್ಯಾಸೆಟ್‌ಗೆ ಹಿಡಿದದ್ದು ಅದು. ಕ್ಯಾಸೆಟ್ ವೇಗ ತಪ್ಪಿದರೆ ಶ್ರುತಿ, ಓಟ ಎರಡೂ ಒಟ್ಟಿಗೆ ಏರುತ್ತವೆ. ಅಳೆಯುವುದು ಹೇಗೆ? ಅಲ್ಲೇ ಪೀಪ್ ಇತ್ತಲ್ಲ! ಬಿಬಿಸಿ ಪೀಪ್ 1000 ಹರ್ಟ್ಸ್. ಧ್ವನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಕೊನೆಯ ಉದ್ದದ ಪೀಪ್ ಮಾತ್ರ ಆರಿಸಿ `Plot Spectrum` ಒತ್ತಿದೆ. ಬಂದ ಗ್ರಾಫಿನಲ್ಲಿ ಎತ್ತರದ ಗೋಪುರ 1060 ಹರ್ಟ್ಸ್ ಹತ್ತಿರ ನಿಂತಿತ್ತು. ಅಂದರೆ ಶೇಕಡಾ 6 ಜಾಸ್ತಿ ವೇಗ, ಹೆಚ್ಚುಕಡಿಮೆ ಒಂದು ಸ್ವರಸ್ಥಾನ ಮೇಲೆ. 1000ವನ್ನು 1060ರಿಂದ ಭಾಗಿಸಿದರೆ 0.943. ವೇಗ ಅಷ್ಟಕ್ಕೆ ಇಳಿಸಿ, ಏನೂ ಹೇಳದೆ ಅಕ್ಕನಿಗೆ ಕೇಳಿಸಿದೆ.

ಪೀಪ್ ಮುಗಿಯುವ ತನಕ ಸುಮ್ಮನಿದ್ದಳು. ಆಮೇಲೆ, "ಅಪ್ಪ ಈಗ ವಾಲ್ಯೂಮ್ ಜೋರು ಮಾಡ್ತಿದ್ರು" ಅಂದಳು.