ಐದು ನಿಮಿಷದ ಮದುವೆ ಚಿತ್ರ: ಚಿತ್ರಕಥೆ ಬರೆಯುವುದು ಹೇಗೆ?

ಮದುವೆಯ ಹೈಲೈಟ್ ವಿಡಿಯೊ ನೋಡಿದ ಬೀಗರು ಮರ್ಯಾದೆಗೆ ‘ಚೆನ್ನಾಗಿದೆ’ ಎನ್ನುತ್ತಾರೆ. ಆಮೇಲೆ ಯಾರೂ ಅದನ್ನು ಎರಡನೇ ಸಲ ಹಾಕುವುದಿಲ್ಲ. ಡ್ರೋನ್‌ನಲ್ಲಿ ಕಂಡ ಮಂಟಪ, ನಿಧಾನಗತಿಯಲ್ಲಿ ಹಾರುವ ಸೆರಗು, ಮೇಲೊಂದು ಸಿನಿಮಾ ಹಾಡು. ವಧೂವರರ ಮುಖ ಬದಲಿಸಿದರೆ ಅದು ಯಾರ ಮದುವೆಯಾದರೂ ಆಗಬಹುದು. ಈ ಮನೆಯವರದೇ ಎನ್ನಿಸುವ ಚಿತ್ರ ಬೇಕಾದರೆ ಅದರಲ್ಲಿ ಈ ಮನೆಯವರ ಧ್ವನಿ ಇರಬೇಕು. ಆ ಧ್ವನಿಯನ್ನು ಮೊದಲು ಹಿಡಿದು, ಶಾಸ್ತ್ರಗಳ ದೃಶ್ಯಗಳನ್ನು ಅದಕ್ಕೆ ಪೋಣಿಸಬೇಕು. ಬಹಳಷ್ಟು ಮಂದಿ ಮಾಡುವುದು ಇದರ ತಿರುಗುಮುರುಗು.

ಕೆಲಸ ಅರ್ಥವಾಗಲು ಒಂದು ಕಾಲ್ಪನಿಕ ಮದುವೆಯನ್ನು ಇಟ್ಟುಕೊಳ್ಳೋಣ. ಹೆಣ್ಣಿನವರು ಚಿತ್ತಾಪುರ ತಾಲ್ಲೂಕಿನ ಹಳ್ಳಿಯ ತೊಗರಿ ಬೆಳೆಯುವ ರೈತರು. ಗಂಡಿನವರು ಹುಮನಾಬಾದಿನವರು. ಮೇ ತಿಂಗಳು, ಕಲಬುರಗಿಯ ಒಂದು ಕಲ್ಯಾಣ ಮಂಟಪ, ಅಕ್ಷತೆಯ ಸಮಯ ಮಧ್ಯಾಹ್ನ 12.35. ಬೇಕಾಗಿರುವುದು ಐದು ನಿಮಿಷದ ಚಿತ್ರ.

ಮೊದಲು ಮಾತು

ಸಂದರ್ಶನವನ್ನು ಮದುವೆಯ ದಿನ ಇಟ್ಟುಕೊಳ್ಳಲೇಬೇಡಿ. ಅಂದು ತಂದೆಗೆ ಅಡುಗೆಯವರ ಚಿಂತೆ, ತಾಯಿಗೆ ಉಡಿ ಸಾಮಾನಿನ ಚಿಂತೆ. ಕ್ಯಾಮೆರಾ ಎದುರು ನಿಲ್ಲಿಸಿದರೆ ‘ತುಂಬಾ ಸಂತೋಷವಾಗಿದೆ’ ಎಂದು ಹೇಳಿ ಹೊರಟುಬಿಡುತ್ತಾರೆ. ಅರಿಶಿಣ, ಸುರಗಿ ನಡೆಯುವ ಹಿಂದಿನ ದಿನದ ಮಧ್ಯಾಹ್ನ, ಊಟವಾದ ಮೇಲಿನ ಹೊತ್ತು ಸೂಕ್ತ. ಮನೆ ನೆಂಟರಿಂದ ತುಂಬಿರುತ್ತದೆ, ಆದರೆ ಹಿರಿಯರು ಕುಳಿತಿರುತ್ತಾರೆ.

ನಾಲ್ಕು ಜನ ಸಾಕು: ವಧುವಿನ ಅಜ್ಜಿ, ತಂದೆ, ತಾಯಿ ಮತ್ತು ವರನ ತಂದೆ. ವರನ ತಂದೆ ಹುಮನಾಬಾದಿನಲ್ಲಿರುವುದರಿಂದ ಒಬ್ಬರು ಎರಡು ದಿನ ಮೊದಲೇ ಅಲ್ಲಿಗೆ ಹೋಗಿಬರಬೇಕಾಗುತ್ತದೆ. ಆ ಖರ್ಚನ್ನು ಒಪ್ಪಂದದಲ್ಲೇ ಸೇರಿಸಿ. ವಧೂವರರನ್ನು ಮಾತನಾಡಿಸುವ ರೂಢಿಯೂ ಇದೆ. ನನ್ನ ಮಟ್ಟಿಗೆ ಅವರ ಮಾತಿನಲ್ಲಿ ಅಷ್ಟು ಸತ್ವ ಇರುವುದಿಲ್ಲ. ಮದುವೆಯನ್ನು ಮಾಡುತ್ತಿರುವವರು ಹಿರಿಯರು, ಹೇಳಲು ಇರುವುದೂ ಅವರ ಬಳಿಯೇ.

ನಮ್ಮ ಭಾಗದ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆ ಬೋಳು. ಮಾತು ಪ್ರತಿಧ್ವನಿಸುತ್ತದೆ. ಕೂರುವವರ ಕಾಲ ಬಳಿ ಒಂದು ಕೌದಿ ಹಾಸಿ, ಕ್ಯಾಮೆರಾದ ಹಿಂದೆ ಹಗ್ಗ ಕಟ್ಟಿ ಇನ್ನೆರಡು ಕೌದಿ ತೂಗುಹಾಕಿ. ವ್ಯತ್ಯಾಸ ಹೆಡ್‌ಫೋನ್‌ನಲ್ಲಿ ಕೂಡಲೇ ಕೇಳಿಸುತ್ತದೆ. ಫ್ಯಾನ್, ಕೂಲರ್ ಎರಡನ್ನೂ ಆರಿಸಬೇಕು. ಮೇ ತಿಂಗಳ ಬಿಸಿಲಿನಲ್ಲಿ ಇದು ಹಿಂಸೆಯೇ ಸರಿ, ಆದ್ದರಿಂದ ಐದಾರು ನಿಮಿಷ ರೆಕಾರ್ಡ್ ಮಾಡಿ ಮತ್ತೆ ಕೂಲರ್ ಹಚ್ಚಿ. ಕಾಲರ್ ಮೈಕನ್ನು ಎದೆಯ ಮಧ್ಯಕ್ಕೆ ಸಿಕ್ಕಿಸಿ. ಅಜ್ಜಿಯರಿಗೆ ಸೆರಗಿನ ಮೇಲೆ ಹಾಕಿದರೆ ಅವರು ಸೆರಗು ಸರಿಪಡಿಸಿಕೊಂಡಾಗಲೆಲ್ಲ ಗರಗರ ಸದ್ದು ಬರುತ್ತದೆ, ಕೊರಳ ಸರಗಳು ತಾಗಿದರಂತೂ ಕೇಳುವುದೇ ಬೇಡ. ಎಲ್ಲರ ಮಾತು ಮುಗಿದ ಮೇಲೆ, ಯಾರೂ ಮಾತನಾಡದೆ ಅದೇ ಕೋಣೆಯ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮಾತನ್ನು ಕತ್ತರಿಸಿ ಜೋಡಿಸುವಾಗ ನಡುವಿನ ಬಿರುಕು ಮುಚ್ಚಲು ಅದು ಬೇಕಾಗುತ್ತದೆ.

ಪ್ರಶ್ನೆ ಕೇಳುವವರು ಮನೆಯವರಿಗೆ ಪರಿಚಯದವರಾಗಿರಲಿ. ತಂಗಿಯ ಮಗಳೋ, ಮೈದುನನೋ ಕ್ಯಾಮೆರಾದ ಪಕ್ಕಕ್ಕೆ ಒತ್ತಿ ಕುಳಿತು ಕೇಳಿದರೆ ಹಿರಿಯರು ಅವರೊಂದಿಗೆ ತಮ್ಮ ಮನೆಯ ಮಾತಿನಲ್ಲೇ ಹರಟುತ್ತಾರೆ. ನಡುವೆ ದಖನಿ ಉರ್ದು, ಮರಾಠಿಯ ಶಬ್ದಗಳು ಬಂದರೆ ಬರಲಿ, ‘ಶುದ್ಧ ಕನ್ನಡದಲ್ಲಿ ಹೇಳಿ’ ಎಂದು ತಿದ್ದಲು ಹೋದರೆ ಮಾತೇ ನಿಂತುಹೋಗುತ್ತದೆ.

‘ಮಗಳ ಮದುವೆ, ಹೇಗೆ ಅನ್ನಿಸುತ್ತಿದೆ?’ ಎಂಬ ಪ್ರಶ್ನೆಗೆ ಉತ್ತರ ಗೊತ್ತೇ ಇದೆ. ನಡೆದ ಸಂಗತಿಯನ್ನು ಕೇಳಿ. ಈ ಸಂಬಂಧ ಬಂದಾಗ ಮನೆಯಲ್ಲಿ ಮೊದಲು ಒಪ್ಪಿದವರು ಯಾರು, ತಕರಾರು ತೆಗೆದವರು ಯಾರು? ಅವಳು ಹುಟ್ಟಿದಾಗ ಹೊಲದಲ್ಲಿ ಏನು ಕೆಲಸ ನಡೆದಿತ್ತು? ಹಾಸ್ಟೆಲ್‌ನಿಂದ ಬಂದಾಗ ಏನು ಮಾಡಿಕೊಡುತ್ತಿದ್ದಿರಿ? ಅಜ್ಜಿಗೆ ಕೇಳಲೇಬೇಕಾದದ್ದು ಒಂದಿದೆ: ‘ಅಜ್ಜನ ಹೆಸರನ್ನು ಒಡಪು ಹಾಕಿ ಹೇಳಿ.’ ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ಒಂದಲ್ಲ ಮೂರು ಒಡಪು ಬರುತ್ತವೆ. ಸುತ್ತ ಕುಳಿತ ಹೆಂಗಸರು ನಗುತ್ತಾರೆ. ಆ ನಗೆಯೂ ರೆಕಾರ್ಡ್ ಆಗಲಿ.

ಒಂದು ತೊಡಕಿದೆ. ಚಿತ್ರದಲ್ಲಿ ಪ್ರಶ್ನೆ ಕೇಳಿಸುವುದಿಲ್ಲ. ಹಾಗಾಗಿ ‘ಹೌದು, ಆಗಲೇ’ ಎಂಬಂಥ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ‘ಪ್ರಶ್ನೆಯನ್ನೂ ಸೇರಿಸಿ ಹೇಳಿ’ ಎಂದರೆ ಹಿರಿಯರಿಗೆ ಗೊಂದಲ. ನೀವೇ ವಾಕ್ಯ ಆರಂಭಿಸಿಕೊಡಿ: ‘ನನ್ನ ಮಗಳು ಹುಟ್ಟಿದ ದಿನ...’ ಎಂದು ನಿಲ್ಲಿಸಿದರೆ ಅವರು ಅದನ್ನೇ ಮತ್ತೆ ಹೇಳಿ ಮುಂದುವರಿಸುತ್ತಾರೆ.

ಕಾಗದದ ಮೇಲೆ ಸಂಕಲನ

ಅಂದು ರಾತ್ರಿಯೇ ಮಾತುಗಳನ್ನು ಕೇಳಿ ಬರೆದುಕೊಳ್ಳಿ, ಪ್ರತಿ ಸಾಲಿನ ಎದುರು ಅದು ಎಷ್ಟನೇ ನಿಮಿಷದಲ್ಲಿದೆ ಎಂದು ಗುರುತು ಹಾಕಿ. ಐದು ನಿಮಿಷದ ಚಿತ್ರದಲ್ಲಿ ಮಾತಿಗೆ ಸಿಗುವುದು ಎರಡು ನಿಮಿಷ ಮಾತ್ರ. ನಲವತ್ತು ನಿಮಿಷದ ಸಂದರ್ಶನದಿಂದ ಹತ್ತೋ ಹನ್ನೆರಡೋ ವಾಕ್ಯ ಉಳಿಯುತ್ತವೆ. ಹೊಗಳಿಕೆ, ಹಾರೈಕೆ ಎಲ್ಲ ಬಿಡಿ. ಹೆಸರು, ಊರು, ವಸ್ತು, ಘಟನೆ ಇರುವ ಸಾಲುಗಳನ್ನು ಇಟ್ಟುಕೊಳ್ಳಿ.

ನಮ್ಮ ಉದಾಹರಣೆಯಲ್ಲಿ ತಂದೆಯ ಸಾಲು ಹೀಗಿರಬಹುದು: ‘ತೊಗರಿ ರಾಶಿ ನಡೆದಿತ್ತು, ಹುಡುಗ ಓಡಿಬಂದು ಹೆಣ್ಣು ಹುಟ್ಟಿದೆ ಎಂದ, ರಾಶಿ ಬಿಟ್ಟು ಹೋದೆ.’ ಅಜ್ಜಿಯದು: ‘ನಾನೇ ಮೊದಲು ಬೇಡ ಎಂದವಳು, ಊರು ದೂರವೆಂದು.’ ಈ ಎರಡು ಸಾಲು ಸಿಕ್ಕ ಕೂಡಲೇ ಕಥೆಗೆ ಎಳೆ ಸಿಕ್ಕಿತು: ದೂರವೆಂದು ಬೇಡವೆಂದ ಅಜ್ಜಿ, ಕೊನೆಗೆ ಮೊಮ್ಮಗಳನ್ನು ಅದೇ ದೂರದ ಊರಿಗೆ ಕಳುಹಿಸಿಕೊಡುವುದು. ಮರುದಿನ ಕ್ಯಾಮೆರಾ ಹಿಡಿದವರಿಗೆ ಅಜ್ಜಿಯ ಮೇಲೆ ಕಣ್ಣಿಡಬೇಕು ಎಂಬುದು ಗೊತ್ತಿರುತ್ತದೆ. ಮಾತನ್ನು ಮೊದಲೇ ಹಿಡಿಯುವುದರ ಲಾಭ ಇದು.

ಅಕ್ಷತೆಯಿಂದ ಹಿಂದಕ್ಕೆ ಎಣಿಸಿ

ವೇಳಾಪಟ್ಟಿಯನ್ನು ಬೆಳಗಿನಿಂದ ಬರೆಯಬೇಡಿ. ಅಕ್ಷತೆಯಿಂದ ಹಿಂದಕ್ಕೆ ಬರೆಯಿರಿ, ಪತ್ರಿಕೆಯಲ್ಲಿ ಅಚ್ಚಾದ ಸಮಯ ಒಂದು ಕಡೆ, ನಿಜವಾಗಿ ನಡೆಯುವ ಸಮಯ ಇನ್ನೊಂದು ಕಡೆ. ಎರಡನೆಯದನ್ನು ತಂದೆಯನ್ನು ಕೇಳಿ ಪ್ರಯೋಜನವಿಲ್ಲ. ಓಡಾಡಿ ಕೆಲಸ ಮಾಡಿಸುವ ಸೋದರಮಾವನನ್ನು ಕೇಳಿ.

12.35ಕ್ಕೆ ಅಕ್ಷತೆ ಎಂದರೆ ವರ ಹನುಮಪ್ಪನ ಗುಡಿಗೆ ಹೋಗಿ ಮೆರವಣಿಗೆಯಲ್ಲಿ ಬರುವುದು 11.30ಕ್ಕೆ ಆರಂಭವಾಗಬೇಕು. ಬಾಜಾ ಎದುರು ಗೆಳೆಯರು ಕುಣಿಯಲು ನಿಂತರೆ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಬೀಗರನ್ನು ಎದುರುಗೊಳ್ಳುವುದು ಹತ್ತು ಗಂಟೆಗೆ. ವಧು ಸಿದ್ಧವಾಗುವ ದೃಶ್ಯಕ್ಕೆ ಅದೇ ಸಮಯ, ಆದ್ದರಿಂದ ಇಬ್ಬರು ಛಾಯಾಗ್ರಾಹಕರು ಬೇಕೇ ಬೇಕು. ಒಬ್ಬರೇ ಇದ್ದರೆ ಎದುರುಗೊಳ್ಳುವುದನ್ನು ಹಿಡಿಯಿರಿ, ಅಲಂಕಾರದ ದೃಶ್ಯ ಆಮೇಲೂ ಸಿಗುತ್ತದೆ.

ಅಕ್ಷತೆಯದ್ದು ಬೇರೆಯೇ ಲೆಕ್ಕ. ಅಂತರಪಟ ಹಿಡಿದು ಮಂಗಳಾಷ್ಟಕ ಶುರುವಾದರೆ ಕೆಲವೇ ನಿಮಿಷ. ಪ್ರತಿ ‘ಸಾವಧಾನ’ಕ್ಕೆ ಕಾಳು ಬೀಳುತ್ತವೆ, ಕೊನೆಯ ಸಾಲಿಗೆ ವಾದ್ಯ ಜೋರಾಗುತ್ತದೆ, ಅಂತರಪಟ ಸರಿಯುತ್ತದೆ. ಅಲ್ಲಿಗೆ ಮುಗಿಯಿತು. ಮುಂದಿನ ಕ್ಷಣದಲ್ಲಿ ಜನ ಊಟದ ಸಾಲಿನ ಕಡೆಗೆ. ಒಂದು ಕ್ಯಾಮೆರಾ ವೇದಿಕೆಯ ಮೇಲೆ ವಧೂವರರಿಗಿರಲಿ. ಇನ್ನೊಂದು ವೇದಿಕೆಗೆ ಬೆನ್ನು ಮಾಡಿ ಜನರನ್ನು ನೋಡುತ್ತಿರಲಿ: ಕಾಳು ಹಿಡಿದ ಮುಷ್ಟಿ, ಹೆಗಲ ಮೇಲೆ ಕುಳಿತ ಮಗು, ಮುಂದಿನ ಕುರ್ಚಿಯಲ್ಲಿ ಅಜ್ಜಿ.

ಇಲ್ಲಿ ಎರಡು ವಿಷಯ ಕೈಕೊಡುತ್ತವೆ. ನಿಧಾನಗತಿಯ ವಿಧಾನದಲ್ಲಿ ಚಿತ್ರೀಕರಿಸಿದರೆ ಅನೇಕ ಕ್ಯಾಮೆರಾಗಳಲ್ಲಿ ಧ್ವನಿ ದಾಖಲಾಗುವುದೇ ಇಲ್ಲ. ಒಂದಾದರೂ ಸಾಮಾನ್ಯ ವೇಗದಲ್ಲಿರಲಿ. ಇನ್ನೊಂದು, ಕ್ಯಾಮೆರಾದ ಮೈಕಿಗೆ ವಾದ್ಯದ ಸದ್ದು ತಡೆಯಲಾಗದೆ ಒಡೆದು ಬರುತ್ತದೆ. ಮಂತ್ರ ಹೇಳುವವರ ಮೈಕಿನ ಮಿಕ್ಸರ್‌ನಿಂದ ಒಂದು ತಂತಿ ಎಳೆದು ಪ್ರತ್ಯೇಕ ರೆಕಾರ್ಡರ್‌ಗೆ ಕೊಡಿ, ಮಟ್ಟವನ್ನು ತಗ್ಗಿಸಿಯೇ ಇಡಿ. ಕಡಿಮೆ ಇದ್ದ ಸದ್ದನ್ನು ಆಮೇಲೆ ಏರಿಸಬಹುದು, ಒಡೆದ ಸದ್ದನ್ನು ಸರಿಪಡಿಸಲು ಆಗುವುದಿಲ್ಲ. ಮಂಟಪದ ಎಲ್‌ಇಡಿ ದೀಪಗಳಿಂದ ಚಿತ್ರದಲ್ಲಿ ಪಟ್ಟೆ ಓಡುವುದು ಕಂಡರೆ ಶಟರ್ ವೇಗವನ್ನು 1/50ಕ್ಕೋ 1/100ಕ್ಕೋ ತನ್ನಿ, ನಮ್ಮ ವಿದ್ಯುತ್ 50 ಹರ್ಟ್ಸ್‌ನದು.

ಜೋಡಿಯ ಚಿತ್ರಕ್ಕೆ ಮಧ್ಯಾಹ್ನದ ಬಿಸಿಲು ಬೇಡ, ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಕಳುಹಿಸಿಕೊಡುವ ಮೊದಲು, ಸಂಜೆ ಐದೂವರೆಯ ನಂತರ ಅರ್ಧ ಗಂಟೆ ಕೇಳಿಕೊಳ್ಳಿ. ಡ್ರೋನ್ ಹಾರಿಸುವ ಮೊದಲು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಜಾಗ ಯಾವ ವಲಯದಲ್ಲಿದೆ ಎಂದು ನೋಡಿ. ಬೀದರಿನಲ್ಲಿ ವಾಯುಪಡೆಯ ನೆಲೆ ಇರುವುದರಿಂದ ಅಲ್ಲಂತೂ ಈ ವಿಷಯದಲ್ಲಿ ಹುಡುಗಾಟ ಸಲ್ಲದು.

ಚಿತ್ರಕಥೆಯ ರೂಪುರೇಷೆ

ಈಗ ಆರಿಸಿದ ಮಾತು, ಶಾಸ್ತ್ರಗಳ ದೃಶ್ಯ ಎರಡನ್ನೂ ಕೂಡಿಸಿ ಒಂದು ಹಾಳೆಯಲ್ಲಿ ಬರೆಯಿರಿ.

0:00–0:25. ಧ್ವನಿ: ಹೆಂಗಸರ ಸೋಬಾನೆ ಪದ. ದೃಶ್ಯ: ಸುರಗಿಯ ತಂಬಿಗೆಗಳ ಸುತ್ತ ನೂಲು ಸುತ್ತುವ ಕೈ, ತೀರ ಹತ್ತಿರದಿಂದ.
0:25–1:10. ಧ್ವನಿ: ಅಜ್ಜಿ, ‘ನಾನೇ ಮೊದಲು ಬೇಡ ಎಂದವಳು.’ ದೃಶ್ಯ: ಅಜ್ಜಿಯ ಮುಖ, ಅರಿಶಿಣ, ನೀರೆರೆಯುವುದು.
1:10–1:55. ಧ್ವನಿ: ವರನ ತಂದೆ. ದೃಶ್ಯ: ದಿಬ್ಬಣದ ಬಸ್, ಎದುರುಗೊಳ್ಳುವುದು, ಮೆರವಣಿಗೆ.
1:55–2:35. ಧ್ವನಿ: ತಂದೆಯ ರಾಶಿಯ ಮಾತು. ದೃಶ್ಯ: ಬಾಸಿಂಗ ಕಟ್ಟುವುದು, ವೇದಿಕೆಗೆ ವಧು.
2:35–3:35. ಮಾತಿಲ್ಲ. ಮಂಗಳಾಷ್ಟಕ, ವಾದ್ಯ. ದೃಶ್ಯ: ಅಕ್ಷತೆ, ಮಾಂಗಲ್ಯಧಾರಣೆ.
3:35–4:15. ಧ್ವನಿ: ಅಜ್ಜಿಯ ಒಡಪು, ನಗು. ದೃಶ್ಯ: ಊಟದ ಪಂಕ್ತಿ, ಆಯೇರಿ.
4:15–5:00. ಧ್ವನಿ: ತಾಯಿಯ ಒಂದೇ ವಾಕ್ಯ. ದೃಶ್ಯ: ಉಡಿ ತುಂಬುವುದು, ಕಳುಹಿಸಿಕೊಡುವುದು.

ತಂದೆ ರಾಶಿ ಎಂದಾಗ ತೊಗರಿ ಹೊಲ ತೋರಿಸುವ ಆಸೆ ಬರುತ್ತದೆ. ಅದನ್ನು ತಡೆದುಕೊಳ್ಳಿ. ಮಾತಿನಲ್ಲಿ ಹುಟ್ಟಿದ ದಿನ ನಡೆಯುತ್ತಿರುವಾಗ ಕಣ್ಣೆದುರು ಅದೇ ಮಗಳ ಹಣೆಗೆ ಬಾಸಿಂಗ ಏರುತ್ತಿದ್ದರೆ ನೋಡುವವರೇ ಎರಡನ್ನೂ ಕೂಡಿಸಿಕೊಳ್ಳುತ್ತಾರೆ. ಮುಂದಿನವರ ಧ್ವನಿ ಹಿಂದಿನ ದೃಶ್ಯ ಮುಗಿಯುವ ಎರಡು ಕ್ಷಣ ಮೊದಲೇ ಶುರುವಾದರೆ ಜೋಡಣೆ ಕಣ್ಣಿಗೆ ಹೊಡೆಯುವುದಿಲ್ಲ.

ಹಾಡಿನ ಬಗ್ಗೆ: ಸಿನಿಮಾ ಹಾಡು ಹಾಕಿದ ವಿಡಿಯೊವನ್ನು ಯೂಟ್ಯೂಬ್‌ಗೆ ಏರಿಸಿದರೆ ಹಕ್ಕುದಾರರ ತಕರಾರು ಬಂದು ಧ್ವನಿ ಬಂದ್ ಆಗಬಹುದು. ಮನೆಯ ಹೆಂಗಸರು ಹಾಡಿದ ಸೋಬಾನೆಯನ್ನೇ ಚೆನ್ನಾಗಿ ರೆಕಾರ್ಡ್ ಮಾಡಿಕೊಂಡರೆ ಆ ರಗಳೆ ಇಲ್ಲ.

ಮೊದಲ ಪ್ರತಿ ಸಿದ್ಧವಾದ ಮೇಲೆ ಲಗ್ನಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಅದರಲ್ಲಿ ಹೆಸರಿರುವ ಸೋದರಮಾವ, ದೊಡ್ಡಪ್ಪ, ಕಾಕಾ ಎಲ್ಲರ ಮುಖ ಒಂದು ಕ್ಷಣವಾದರೂ ಬಂದಿದೆಯೇ ಎಂದು ಗುರುತು ಹಾಕಿ. ಬಾರದವರನ್ನು ಊಟದ ಪಂಕ್ತಿಯ ಭಾಗದಲ್ಲಿ ಸೇರಿಸಿ, ಅಲ್ಲಿ ಯಾವ ಮುಖ ಬಂದರೂ ಕಥೆಯ ಎಳೆ ತುಂಡಾಗುವುದಿಲ್ಲ. ಅಜ್ಜಿಯ ‘ಬೇಡ ಎಂದವಳು’ ಎಂಬ ಮಾತನ್ನು ಮಾತ್ರ ಎರಡೂ ಮನೆಯವರಿಗೆ ಮೊದಲೇ ಕೇಳಿಸಿ ಒಪ್ಪಿಗೆ ಪಡೆಯಿರಿ. ಬೀಗರಲ್ಲಿ ಯಾರಾದರೂ ಮುಖ ಸಿಂಡರಿಸಿದರೆ ಆ ಜಾಗಕ್ಕೆ ಹಾಕಲು ಅಜ್ಜಿಯದೇ ಇನ್ನೊಂದು ಸಾಲನ್ನು ತೆಗೆದಿಟ್ಟುಕೊಂಡಿರಿ.