ಹೆಣೆದುಕೊಂಡ ಲೂಪ್‌ಗಳನ್ನು ನಾನು ಬಿಡಿಸುವ ಬಗೆ

ಒಂದರೊಳಗೊಂದು ಕೂತ ಲೂಪ್‌ಗಳಾದರೆ ಬ್ಲಾಕ್ ಡಯಾಗ್ರಾಮ್ ಸಲೀಸಾಗಿ ಕರಗುತ್ತದೆ. ಕಲಬುರಗಿಯಲ್ಲಿ ನನ್ನ ಬಳಿ ಕಂಟ್ರೋಲ್ ಸಿಸ್ಟಮ್ಸ್ ಕಲಿಯಲು ಬರುವವರು ತಡವರಿಸುವುದು ಎರಡು ಲೂಪ್‌ಗಳು ಒಂದನ್ನೊಂದು ಅಡ್ಡ ಹಾಯ್ದಾಗ. ಅದಕ್ಕೇ ನಾನು ಯಾವಾಗಲೂ ಇದೇ ಲೆಕ್ಕ ಹಿಡಿಯುತ್ತೇನೆ.

ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಗಾಳಿಯ ಕೊಳವೆಗೆ ಡ್ಯಾಂಪರ್ ಇರುತ್ತದೆ. ಅಂಥದೊಂದನ್ನು ಮೋಟಾರ್ ತಿರುಗಿಸುತ್ತದೆ, ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಲೆಕ್ಕ ಹಗುರಾಗಲೆಂದು ಅಂಕಿಗಳನ್ನು ನಾನೇ ಆರಿಸಿದ್ದೇನೆ. ಆಂಪ್ಲಿಫೈಯರ್ G1 = 10. ಟಾರ್ಕ್‌ನಿಂದ ವೇಗಕ್ಕೆ G2 = 1/(s+1). ವೇಗದಿಂದ ಕೋನಕ್ಕೆ G3 = 1/s. ವೇಗವನ್ನು ಅಳೆಯುವ ಟ್ಯಾಕೋ H1 = 0.5, ಅದು G2 ಆದಮೇಲೆ ಹೊರಟು ಮೊದಲ ಸಮ್ಮಿಂಗ್ ಪಾಯಿಂಟ್‌ಗೆ ಮರಳುತ್ತದೆ. ಸ್ಪ್ರಿಂಗ್ H2 = 2; ಅದು ಕೋನದಿಂದ ಹೊರಟು G1 ಮತ್ತು G2 ನಡುವಿನ ಸಮ್ಮಿಂಗ್ ಪಾಯಿಂಟ್ ಸೇರುತ್ತದೆ. ಆಜ್ಞೆ R ಬರುವುದು ಮೊದಲ ಸಮ್ಮಿಂಗ್ ಪಾಯಿಂಟ್‌ಗೆ; ಕೋನ C ನೇರವಾಗಿಯೂ ಅಲ್ಲಿಗೇ ಬರುತ್ತದೆ. ಮರಳುವ ಮೂರಕ್ಕೂ ಚಿಹ್ನೆ ಮೈನಸ್.

ಟ್ಯಾಕೋ ಲೂಪ್ G1, G2 ಎರಡನ್ನೂ ಸುತ್ತುತ್ತದೆ, ಸ್ಪ್ರಿಂಗ್ ಲೂಪ್ G2, G3 ಎರಡನ್ನೂ. G2 ಇಬ್ಬರಿಗೂ ಸೇರಿದ್ದು, ಹಾಗಾಗಿ ಯಾವ ಲೂಪನ್ನೂ ಮೊದಲೇ ಮುಚ್ಚಲು ಬರುವುದಿಲ್ಲ. ನಾನು ಮಾಡುವುದಿಷ್ಟು: ಟ್ಯಾಕೋದ ಟೇಕಾಫ್ ಪಾಯಿಂಟನ್ನು G3 ದಾಟಿಸಿ ಔಟ್‌ಪುಟ್‌ಗೆ ಒಯ್ಯುತ್ತೇನೆ. ಅಲ್ಲಿ ಸಿಗ್ನಲ್ ಆಗಲೇ G3 ಪಟ್ಟು ಆಗಿರುವುದರಿಂದ ಹಳೆಯ ಬೆಲೆ ಮರಳಿ ಸಿಗಲು G3ಯಿಂದ ಭಾಗಿಸಬೇಕು. H1 ಈಗ H1/G3, ಅಂದರೆ 0.5s. ಕೋನದ ಡೆರಿವೇಟಿವ್ ವೇಗವೇ ಆದ್ದರಿಂದ ಇದು ಭೌತಿಕವಾಗಿಯೂ ಸರಿ. ಆಮೇಲೆ ಸ್ಪ್ರಿಂಗ್ ಲೂಪ್ ತಾನೇ ಮುಚ್ಚಿಕೊಂಡು 1/(s²+s+2) ಆಗುತ್ತದೆ. ಅದನ್ನು 10ರಿಂದ ಗುಣಿಸಿ, ಹೊರಗಿನ ಫೀಡ್‌ಬ್ಯಾಕ್ 1 + 0.5s ಇಟ್ಟು ಮುಚ್ಚಿದರೆ:

```
C/R = 10/(s² + 6s + 12)
```

ಇಲ್ಲಿ ತಪ್ಪುವುದು ಭಾಗಿಸುವ ಬದಲು ಗುಣಿಸಿದಾಗ. H1·G3 ಎಂದು ಬರೆದವರಿಗೆ ಸಿಗುವುದು 10s/(s³+s²+12s+5). ಲೆಕ್ಕ ತಿರುವಿ ನೋಡದೆಯೂ ಇದನ್ನು ಹಿಡಿಯಬಹುದು. ವ್ಯವಸ್ಥೆಯಲ್ಲಿ s ಇರುವ ಬ್ಲಾಕ್‌ಗಳು ಎರಡೇ, ಎರಡೂ ಮೊದಲ ದರ್ಜೆಯವು. ಛೇದದಲ್ಲಿ s³ ಬರಲು ದಾರಿಯೇ ಇಲ್ಲ. s = 0 ಇಟ್ಟರೆ ಉತ್ತರ ಸೊನ್ನೆ, ಅಂದರೆ ಆಜ್ಞೆ ಕೊಟ್ಟರೂ ಡ್ಯಾಂಪರ್ ಕೊನೆಗೆ ಮೊದಲಿದ್ದಲ್ಲಿಗೇ ಮರಳುತ್ತದೆ ಎಂದಾಯಿತು. ಸರಿಯಾದ ಉತ್ತರದಲ್ಲಿ 10/12 ಬರುತ್ತದೆ: ನಿಂತ ಡ್ಯಾಂಪರ್‌ನಲ್ಲಿ ವೇಗವಿಲ್ಲ, ಟ್ಯಾಕೋ ಸುಮ್ಮನಿದೆ, 10(R−C) ಎಂಬ ಟಾರ್ಕ್ 2C ಎಂಬ ಸ್ಪ್ರಿಂಗ್ ಎಳೆತಕ್ಕೆ ಸಮ. ಈ ಎರಡು ಪರೀಕ್ಷೆ ಮಾಡದೆ ನಾನು ಯಾವ ಉತ್ತರಕ್ಕೂ ಗೆರೆ ಎಳೆಯುವುದಿಲ್ಲ.

ಸಿಗ್ನಲ್ ಫ್ಲೋ ಗ್ರಾಫ್‌ನಲ್ಲಿ ಏನನ್ನೂ ಸರಿಸಬೇಕಿಲ್ಲ. ಎಂಐಟಿಯ ಸ್ಯಾಮ್ಯುಯೆಲ್ ಮೇಸನ್ 1950ರ ದಶಕದಲ್ಲಿ ಕೊಟ್ಟ ಸೂತ್ರಕ್ಕೆ ಲೂಪ್‌ಗಳ ಗೇನ್ ಸಾಕು: −G1G2H1, −G2G3H2, −G1G2G3. ಮೂರೂ G2 ಮೂಲಕವೇ ಹೋಗುವುದರಿಂದ ಪರಸ್ಪರ ಮುಟ್ಟದ ಜೋಡಿ ಇಲ್ಲ, Δ ಅಂದರೆ 1ರಿಂದ ಈ ಮೂರರ ಮೊತ್ತ ಕಳೆದದ್ದು. ಫಾರ್ವರ್ಡ್ ಪಾತ್ ಒಂದೇ, G1G2G3; ಅದನ್ನು Δ ನಿಂದ ಭಾಗಿಸಿದರೆ ಆಯಿತು. ಉತ್ತರ ಮೇಲಿನದೇ.

ಆದರೆ ಗ್ರಾಫ್ ಬರೆಯುವಾಗಲೇ ಒಂದು ಕಡೆ ಎಡವುತ್ತಾರೆ, ಅದು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಸ್ಪ್ರಿಂಗ್‌ನಿಂದಾಗುವ ಕೊರತೆ ತುಂಬಲು R ನಿಂದ ನೇರ ಒಂದು ಫೀಡ್‌ಫಾರ್ವರ್ಡ್ G4 = 2 ತೆಗೆದು ಎರಡನೇ ಸಮ್ಮಿಂಗ್ ಪಾಯಿಂಟ್‌ಗೆ ಕೂಡಿಸಿದ್ದೇವೆ ಎನ್ನಿ. ಎರಡನೇ ಫಾರ್ವರ್ಡ್ ಪಾತ್ G4G2G3 ಎಲ್ಲ ಲೂಪ್‌ಗಳನ್ನೂ ಮುಟ್ಟುತ್ತದೆ, Δ ಬದಲಾಗದು:

```
C/R = 12/(s² + 6s + 12)
```

s = 0 ಇಟ್ಟರೆ ನಿಖರವಾಗಿ 1. ಕೊರತೆ ತುಂಬಿತು.

ಈ ಟೇಕಾಫ್ ಇರುವುದು ಮೊದಲ ಸಮ್ಮಿಂಗ್ ಪಾಯಿಂಟ್‌ಗೆ ಮುಂಚೆ. ಜಾಗ ಉಳಿಸಲು R ಮತ್ತು ಆ ಸಮ್ಮಿಂಗ್ ಪಾಯಿಂಟ್ ಎರಡನ್ನೂ ಒಂದೇ ನೋಡ್ ಮಾಡಿದರೆ G4 ಹೊರಡುವುದು R ನಿಂದಲ್ಲ, ಎರರ್‌ನಿಂದ. ಆಗ G4 ಮೂಲಕವೂ ಎರಡು ಹೊಸ ಲೂಪ್ ಹುಟ್ಟುತ್ತವೆ, ಆಂಪ್ಲಿಫೈಯರ್ 12 ಆದಂತೆ ವರ್ತಿಸಿ 12/(s²+7s+14) ಬರುತ್ತದೆ. ಇದರ ದರ್ಜೆ ಸರಿ, ಚಿಹ್ನೆ ಸರಿ, ನೋಟಕ್ಕೆ ಯಾವ ಕುಂದೂ ಇಲ್ಲ; s = 0 ಇಟ್ಟಾಗ ಮಾತ್ರ 1 ಬರಬೇಕಾದಲ್ಲಿ 0.857 ಬರುತ್ತದೆ. ಹಾಗಾಗಿ ಸಮ್ಮಿಂಗ್ ಪಾಯಿಂಟ್ ಆದಮೇಲೆ ಟೇಕಾಫ್ ಬಂದರೆ ಒಂದೇ ನೋಡ್ ಇಡುತ್ತೇನೆ. ಮುಂಚೆ ಬಂದರೆ ಎರಡು ನೋಡ್ ಇಟ್ಟು ನಡುವೆ ಗೇನ್ 1ರ ಬಾಣ ಎಳೆಯುತ್ತೇನೆ.